ಅಪ್‌ಡೇಟ್ ಆದ ಮೇಲೆ ಫೋನಿನಲ್ಲಿ ಕನ್ನಡ ಕಾಣುತ್ತಿಲ್ಲವೇ? ಕಾರಣ ಹುಡುಕಿ ಮರಳಿ ತರುವ ಕ್ರಮ

ಸಿಸ್ಟಮ್ ಅಪ್‌ಡೇಟ್ ಮುಗಿದು ಫೋನ್ ಮತ್ತೆ ಆನ್ ಆದಾಗ ಪರದೆಯೆಲ್ಲ ಇಂಗ್ಲಿಷ್ ಆಗಿರುತ್ತದೆ, ಇಲ್ಲವೇ ದಿನಾ ಬಳಸುವ ಒಂದು ಆ್ಯಪ್ ಇದ್ದಕ್ಕಿದ್ದಂತೆ ಹಿಂದಿಗೆ ತಿರುಗಿರುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಸೆಟ್ಟಿಂಗ್‌ಗೆ ಹೋಗಿ ಕನ್ನಡವನ್ನು ಮತ್ತೊಮ್ಮೆ ಸೇರಿಸುವುದು. ಅದರಿಂದ ಏನೂ ಆಗದಿದ್ದರೆ ಆ್ಯಪ್ ತೆಗೆದು ಹಾಕುತ್ತಾರೆ. ಅದೂ ಫಲಿಸದಿದ್ದರೆ ಫೋನನ್ನೇ ರೀಸೆಟ್ ಮಾಡಿಸುತ್ತಾರೆ. ಐದು ನಿಮಿಷದ ಕೆಲಸಕ್ಕೆ ಫೋಟೊ, ಚಾಟ್ ಎಲ್ಲ ಕಳೆದುಕೊಂಡವರು ಹಾಸನ, ಚಿಕ್ಕಮಗಳೂರಿನಂಥ ಊರುಗಳಲ್ಲೂ ಇದ್ದಾರೆ. ಕನ್ನಡ ಎಲ್ಲಿ ನಿಂತಿದೆ ಎಂದು ನೋಡದೆ ಕೈಹಾಕುವುದೇ ಇಲ್ಲಿ ಆಗುವ ತಪ್ಪು.

ಇಲ್ಲಿರುವುದು ಆಂಡ್ರಾಯ್ಡ್ ಫೋನುಗಳ ಮಾತು. ಪರದೆ ಇಂಗ್ಲಿಷ್ ಆಗಿರುವಾಗಲೇ ಈ ಕೆಲಸ ಮಾಡಬೇಕಾದ್ದರಿಂದ, ಪರದೆಯ ಮೇಲೆ ಓದಬೇಕಾದ ಹೆಸರುಗಳನ್ನು ಅಲ್ಲಿ ಕಾಣುವಂತೆಯೇ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟಿದ್ದೇವೆ.

## ಪ್ರಶ್ನೆ: ಅಪ್‌ಡೇಟ್ ನಮ್ಮ ಭಾಷೆಯ ಆಯ್ಕೆಯನ್ನು ಅಳಿಸಿಬಿಡುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಫೋನಿನ ಸಂಗ್ರಹದಲ್ಲಿ ಎರಡು ಬೇರೆ ಬೇರೆ ಭಾಗಗಳಿವೆ. ಒಂದರಲ್ಲಿ ಆಂಡ್ರಾಯ್ಡ್ ವ್ಯವಸ್ಥೆ ಇರುತ್ತದೆ. ಅದರ ಮೆನುಗಳ ಕನ್ನಡ ಅನುವಾದವೂ ಅಲ್ಲೇ ಇರುತ್ತದೆ. ಇನ್ನೊಂದರಲ್ಲಿ ನಿಮ್ಮದು ಎನ್ನುವಂಥದ್ದೆಲ್ಲ ಇರುತ್ತದೆ: ಫೋಟೊ, ಆ್ಯಪ್, ಪಾಸ್‌ವರ್ಡ್, ಸೆಟ್ಟಿಂಗ್. ‘ನನಗೆ ಕನ್ನಡ ಬೇಕು’ ಎಂಬ ನಿಮ್ಮ ಆಯ್ಕೆ ಇರುವುದು ಈ ಎರಡನೆಯ ಭಾಗದಲ್ಲಿ. ಸಿಸ್ಟಮ್ ಅಪ್‌ಡೇಟ್ ಬದಲಿಸುವುದು ಮೊದಲನೆಯದನ್ನು ಮಾತ್ರ.

ಹಾಗಾದರೆ ಭಾಷೆ ತಿರುಗುವುದೇಕೆ? ಆಯ್ಕೆ ಇದ್ದಲ್ಲೇ ಇದ್ದರೂ ಅದಕ್ಕೆ ಹೊಂದುವ ಅನುವಾದ ಹೊಸ ವ್ಯವಸ್ಥೆಯಲ್ಲೋ ಆ್ಯಪ್‌ನಲ್ಲೋ ಇಲ್ಲದಿರಬಹುದು. ಅಪ್‌ಡೇಟ್ ಮುಗಿದ ಮೇಲೆ ಕೆಲವು ಕಂಪನಿಗಳ ಫೋನುಗಳು ತೋರಿಸುವ ಸಿದ್ಧತೆಯ ಪರದೆಗಳಲ್ಲಿ `Next`, `Next` ಎಂದು ಒತ್ತುತ್ತ ಹೋದಾಗ ಪಟ್ಟಿಯಲ್ಲಿ ಇಂಗ್ಲಿಷ್ ಮೇಲೇರಿರಬಹುದು. ಅಥವಾ ಆ ಆ್ಯಪ್‌ಗೆ ಫೋನಿನಿಂದ ಬೇರೆಯಾದ ಸ್ವಂತ ಭಾಷೆಯ ಆಯ್ಕೆ ಇದ್ದು, ಬದಲಾದದ್ದು ಅದಾಗಿರಬಹುದು. ಈ ಮೂರಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದಲೇ ಮೊದಲ ಹಂತದಲ್ಲಿ ಏನನ್ನೂ ಬದಲಿಸಬಾರದು.

ಅಪ್‌ಡೇಟ್ ನಡೆಯುತ್ತಿರುವಾಗ ಇಂಗ್ಲಿಷ್ ಅಕ್ಷರ ಕಂಡರೆ ಗಾಬರಿ ಬೇಡ. ಅದು ನಿಮ್ಮ ಸೆಟ್ಟಿಂಗ್ ಓದಿಕೊಂಡು ಏಳುವ ಮೊದಲಿನ ಪರದೆ. ಬೀಗದ ಪರದೆ ಬಂದು, ಪಿನ್ ಹಾಕಿ ಒಳಗೆ ಹೋದ ಮೇಲೆ ಕಾಣುವುದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

## ಏನೇನು ಬೇಕು

ಅರ್ಧಕ್ಕಿಂತ ಹೆಚ್ಚು ಚಾರ್ಜ್, ನಂಬಬಹುದಾದ ವೈಫೈ ಅಥವಾ ಗಟ್ಟಿ ಸಿಗ್ನಲ್, ಒಂದು ಜಿಬಿಯಾದರೂ ಖಾಲಿ ಜಾಗ. ಬರೆದುಕೊಳ್ಳಲು ಒಂದು ಚೀಟಿ ಇದ್ದರೆ ಒಳ್ಳೆಯದು. ಮಲೆನಾಡಿನ ತೋಟದ ಮನೆಗಳಲ್ಲಿ ಮಳೆಗಾಲಕ್ಕೆ ಕರೆಂಟು ಹೋದ ಹಿಂದೆಯೇ ಟವರ್ ಕೂಡ ಹೋಗುತ್ತದೆ. ಅಂಥ ಹೊತ್ತಿನಲ್ಲಿ ನಾಲ್ಕನೇ ಹಂತ ಆಗುವುದಿಲ್ಲ. ಮೊದಲ ಮೂರಕ್ಕೆ ಬಹುತೇಕ ನೆಟ್‌ವರ್ಕ್ ಬೇಡ.

## ಹಂತ 1: ಮುಟ್ಟುವ ಮೊದಲು ನೋಡಿ

ಮೂರು ಕಡೆ ತೆರೆದು ನೋಡಿ: ಸೆಟ್ಟಿಂಗ್, ಕರೆ ಮಾಡುವ ಆ್ಯಪ್, ಮತ್ತು ತೊಂದರೆ ಕೊಡುತ್ತಿರುವ ಆ್ಯಪ್. ಯಾವುದು ಯಾವ ಭಾಷೆಯಲ್ಲಿದೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿಯೇ ಮುಂದಿನ ದಾರಿ ಹೇಳುತ್ತದೆ.

ಸೆಟ್ಟಿಂಗ್ ಪೂರ್ತಿ ಇಂಗ್ಲಿಷ್ ಆಗಿದ್ದರೆ ಭಾಷೆಯ ಪಟ್ಟಿಯ ಕ್ರಮ ಬದಲಾಗಿದೆ, ಅಥವಾ ಹೊಸ ವ್ಯವಸ್ಥೆಯಲ್ಲಿ ಕನ್ನಡವೇ ಇಲ್ಲ. ಹಂತ 2 ಮತ್ತು 3 ನಿಮಗೆ.

ಸೆಟ್ಟಿಂಗ್ ಕನ್ನಡದಲ್ಲೇ ಇದ್ದು, ನಡುನಡುವೆ ಒಂದೊಂದು ಸಾಲು ಮಾತ್ರ ಇಂಗ್ಲಿಷ್ ಆಗಿದ್ದರೆ ನಿಮ್ಮ ಕಡೆಯಿಂದ ತಪ್ಪೇನೂ ಆಗಿಲ್ಲ. ಹೊಸ ಆವೃತ್ತಿಯಲ್ಲಿ ಹೊಸ ಸೌಲಭ್ಯಗಳು ಬಂದಿವೆ, ಅವುಗಳ ಹೆಸರು ಇನ್ನೂ ಕನ್ನಡಕ್ಕೆ ಅನುವಾದವಾಗಿಲ್ಲ. ಅನುವಾದವಿಲ್ಲದ ಪ್ರತಿ ಸಾಲಿಗೂ ತಯಾರಕರ ಮೂಲ ಪಠ್ಯ ಬಂದು ಕೂರುತ್ತದೆ, ಅದು ಹೆಚ್ಚಾಗಿ ಇಂಗ್ಲಿಷ್. ಇದನ್ನು ಫೋನಿನಲ್ಲಿ ಯಾರೂ ಸರಿಪಡಿಸಲಾಗದು. ಮುಂದಿನ ಅಪ್‌ಡೇಟ್‌ನಲ್ಲಿ ತಾನಾಗಿ ತುಂಬಿಕೊಳ್ಳಬೇಕು. ಇದಕ್ಕಾಗಿ ರೀಸೆಟ್ ಮಾಡಿಸಿದರೆ ಅದೇ ಇಂಗ್ಲಿಷ್ ಸಾಲುಗಳು ಅದೇ ಜಾಗದಲ್ಲಿ ಮತ್ತೆ ಬರುತ್ತವೆ.

ಫೋನೆಲ್ಲ ಕನ್ನಡ, ಒಂದೇ ಒಂದು ಆ್ಯಪ್ ಪೂರ್ತಿ ಬೇರೆ ಭಾಷೆ ಎಂದಾದರೆ ಹಂತ 3ರ ಹಿಂದಿ ಕುರಿತ ಪ್ರಶ್ನೆಯನ್ನು ಓದಿ ಹಂತ 4ಕ್ಕೆ ಹೋಗಿ. ಓದಲು ಎಲ್ಲ ಕನ್ನಡ, ಟೈಪ್ ಮಾಡಲು ಮಾತ್ರ ಕನ್ನಡ ಅಕ್ಷರ ಬರುತ್ತಿಲ್ಲ ಎಂದಾದರೆ ನೇರ ಹಂತ 5.

ಇನ್ನೊಂದು ಸಾಧ್ಯತೆಯೂ ಇದೆ. ಗೂಗಲ್ ಖಾತೆಗೆ ಮತ್ತೆ ಲಾಗಿನ್ ಕೇಳುತ್ತಿದೆ, ಬೀಗದ ಪಿನ್ ಇಲ್ಲ, ಗ್ಯಾಲರಿ ಖಾಲಿ. ಹೀಗಿದ್ದರೆ ಆದದ್ದು ಬರೀ ಅಪ್‌ಡೇಟ್ ಅಲ್ಲ, ಫೋನಿನ ದತ್ತಾಂಶವೇ ಅಳಿದಿದೆ. ಆಗ ಭಾಷೆ ಸಣ್ಣ ವಿಷಯ, ಮೊದಲು ಬ್ಯಾಕಪ್‌ನಿಂದ ಫೋಟೊ ಮತ್ತು ಚಾಟ್ ವಾಪಸ್ ಬರುತ್ತದೆಯೇ ನೋಡಿ. ವಾಟ್ಸಾಪ್‌ನಂಥ ಆ್ಯಪ್‌ಗಳು ಮೊದಲ ಸಲ ತೆರೆದಾಗಲೇ ಬ್ಯಾಕಪ್ ಮರಳಿ ತರಬೇಕೇ ಎಂದು ಕೇಳುತ್ತವೆ. ಭಾಷೆ ಸರಿಪಡಿಸುವ ಅವಸರದಲ್ಲಿ ಆ ಪ್ರಶ್ನೆಯನ್ನು ದಾಟಿಬಿಡಬೇಡಿ.

## ಹಂತ 2: ಓದಲು ಬಾರದ ಪರದೆಯಲ್ಲಿ ಭಾಷೆಯ ಪಟ್ಟಿ ತಲುಪುವುದು

ಇಂಗ್ಲಿಷ್ ಓದದ ಹಿರಿಯರು ಕೈಬಿಡುವುದು ಇಲ್ಲೇ. ಚಿತ್ರಗಳನ್ನು ಹಿಡಿದು ಹೋದರೆ ದಾರಿ ಸಿಗುತ್ತದೆ. ಹಲ್ಲುಳ್ಳ ಚಕ್ರದ ಚಿತ್ರ ಸೆಟ್ಟಿಂಗ್. ಅದರೊಳಗೆ ಪಟ್ಟಿಯ ಕೆಳಭಾಗದಲ್ಲಿ `System` ಇರುತ್ತದೆ. ಅದನ್ನು ತೆರೆದರೆ ಗೆರೆಗಳಿರುವ ಗೋಳದ ಚಿತ್ರ ಕಾಣುತ್ತದೆ, ಭಾಷೆ ಅದರಲ್ಲಿದೆ. ಪಿಕ್ಸೆಲ್, ಮೊಟೊರೊಲಾದಂಥ ಫೋನುಗಳಲ್ಲಿ ಆವೃತ್ತಿಗೆ ತಕ್ಕಂತೆ ಅದರ ಹೆಸರು `Languages` ಅಥವಾ `Languages & input`. ಸ್ಯಾಮ್‌ಸಂಗ್‌ನಲ್ಲಿ `General management` ಒಳಗೆ `Language`. ರೆಡ್‌ಮಿ, ಶವೋಮಿಗಳಲ್ಲಿ ಸಾಮಾನ್ಯವಾಗಿ `Additional settings` ಒಳಗೆ `Languages & input`.

ಹೆಸರು ಹುಡುಕುವುದು ಕಷ್ಟವಾದರೆ ಸೆಟ್ಟಿಂಗ್‌ನ ಮೇಲ್ಭಾಗದ ಭೂತಗನ್ನಡಿಯಲ್ಲಿ `language` ಎಂದು ಟೈಪ್ ಮಾಡಿ. ಫೋನ್ ಇಂಗ್ಲಿಷ್‌ನಲ್ಲಿರುವಾಗ ‘ಭಾಷೆ’ ಎಂದು ಹುಡುಕಿದರೆ ಏನೂ ಸಿಗದಿರಬಹುದು, ಏಕೆಂದರೆ ಆ ಹುಡುಕಾಟ ನಡೆಯುವುದು ಪರದೆಯ ಮೇಲಿರುವ ಭಾಷೆಯಲ್ಲಿ.

ಪಟ್ಟಿ ತೆರೆದ ಮೇಲೆ ಕೆಲಸ ಸಲೀಸು. ಪ್ರತಿ ಭಾಷೆಯೂ ಅಲ್ಲಿ ತನ್ನದೇ ಲಿಪಿಯಲ್ಲಿ ಬರೆದಿರುತ್ತದೆ. ಫೋನ್ ಯಾವ ಭಾಷೆಗೆ ತಿರುಗಿದ್ದರೂ ಕನ್ನಡದ ಹೆಸರು ಕನ್ನಡದಲ್ಲೇ ಕಾಣುತ್ತದೆ.

## ಹಂತ 3: ಪಟ್ಟಿಯ ಕ್ರಮ ಸರಿಪಡಿಸುವುದು

ಇಲ್ಲಿ ನಿಧಾನವಾಗಿ ಓದಿ, ಹೆಚ್ಚಿನ ತೊಂದರೆ ಮುಗಿಯುವುದು ಇಲ್ಲೇ.

2016ರಲ್ಲಿ ಬಂದ ಆಂಡ್ರಾಯ್ಡ್ 7ರವರೆಗೆ ಫೋನಿಗೆ ಒಂದೇ ಭಾಷೆ ಇತ್ತು. ಅಲ್ಲಿಂದ ಈಚೆಗೆ ಇರುವುದು ಸಾಲಾಗಿ ನಿಂತ ಪಟ್ಟಿ. ಮೇಲಿರುವುದು ಫೋನಿನ ಭಾಷೆ. ಒಂದು ಆ್ಯಪ್‌ನಲ್ಲಿ ಆ ಭಾಷೆ ಇಲ್ಲದಿದ್ದರೆ ವ್ಯವಸ್ಥೆ ಎರಡನೆಯದನ್ನು ನೋಡುತ್ತದೆ, ಅದೂ ಇಲ್ಲದಿದ್ದರೆ ಮೂರನೆಯದು. ಪಟ್ಟಿಯಲ್ಲಿ ಕನ್ನಡ ಇದೆ ಎನ್ನುವುದಷ್ಟೇ ಸಾಲದು, ಎಷ್ಟನೆಯದಾಗಿ ಇದೆ ಎನ್ನುವುದು ಮುಖ್ಯ. ‘ಕನ್ನಡ ಹಾಕಿದ್ದೇವೆ, ಆದರೂ ಬರುತ್ತಿಲ್ಲ’ ಎನ್ನುವವರ ಫೋನಿನಲ್ಲಿ ಕನ್ನಡ ಎರಡನೆಯದಾಗಿಯೋ ಮೂರನೆಯದಾಗಿಯೋ ಸುಮ್ಮನೆ ನಿಂತಿರುತ್ತದೆ.

ಪಟ್ಟಿಯಲ್ಲಿ ಕನ್ನಡ ಕಂಡರೆ ಅದರ ಬಲತುದಿಯಲ್ಲಿರುವ ಅಡ್ಡಗೆರೆಗಳ ಗುರುತನ್ನು ಒತ್ತಿ ಹಿಡಿದು, ಬೆರಳು ಎತ್ತದೆ ಮೇಲಕ್ಕೆ ಎಳೆದು ಮೊದಲ ಸ್ಥಾನದಲ್ಲಿ ಬಿಡಿ. ಹೆಸರಿನ ಮೇಲೆ ಒತ್ತಿ ಎಳೆದರೆ ಪಟ್ಟಿ ಜಾರುತ್ತದೆಯೇ ಹೊರತು ಭಾಷೆ ಸರಿಯುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಬಿಟ್ಟ ಕೂಡಲೇ ಭಾಷೆ ಬದಲಿಸಬೇಕೇ ಎಂಬ ಚಿಕ್ಕ ಪೆಟ್ಟಿಗೆ ಬರುತ್ತದೆ, ಅದರಲ್ಲಿ `Change` ಒತ್ತಬೇಕು. ಹಿಂದಕ್ಕೆ ಹೋಗುವ ಗುರುತನ್ನು ಒತ್ತಿದರೆ ಪಟ್ಟಿ ಹಳೆಯ ಕ್ರಮಕ್ಕೇ ಮರಳುತ್ತದೆ.

ಪಟ್ಟಿಯಲ್ಲಿ ಕನ್ನಡವೇ ಇಲ್ಲದಿದ್ದರೆ `Add a language` ಒತ್ತಿ ‘ಕನ್ನಡ’ ಆರಿಸಿ. ಸ್ಯಾಮ್‌ಸಂಗ್‌ನಲ್ಲಿ ಇಲ್ಲೊಂದು ಎಡವುವ ಕಲ್ಲಿದೆ. ಭಾಷೆ ಆರಿಸಿದ ಮೇಲೆ `Keep current` ಮತ್ತು `Set as default` ಎಂಬ ಎರಡು ಗುಂಡಿಗಳು ಬರುತ್ತವೆ. ಮೊದಲನೆಯದು ಒತ್ತಿದರೆ ಕನ್ನಡ ಪಟ್ಟಿಯ ಕೆಳಗೆ ಸೇರಿಕೊಳ್ಳುತ್ತದೆ ಅಷ್ಟೆ, ಪರದೆ ಇಂಗ್ಲಿಷ್ ಆಗಿಯೇ ಉಳಿಯುತ್ತದೆ. ಒತ್ತಬೇಕಾದ್ದು ಎರಡನೆಯದು.

ಕ್ರಮ ಸರಿಯಾದ ಕ್ಷಣಕ್ಕೆ ಆ ಪರದೆಯ ತಲೆಬರಹವೇ ಕನ್ನಡಕ್ಕೆ ಬರುತ್ತದೆ. ಬರದಿದ್ದರೆ ಕೆಲಸ ಆಗಿಲ್ಲ ಎಂದೇ ಅರ್ಥ. ಬಂದರೆ ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಆಯ್ಕೆ ಉಳಿದಿದೆಯೇ ನೋಡಿ. ಮೊದಲೇ ತೆರೆದಿದ್ದ ಕೆಲವು ಆ್ಯಪ್‌ಗಳು ಹೊಸ ಭಾಷೆ ಹಿಡಿಯುವುದೂ ಇದರಿಂದಲೇ.

### ಪ್ರಶ್ನೆ: ನಾವು ಹಿಂದಿ ಹಾಕಿಯೇ ಇಲ್ಲ, ಅದು ಬಂದದ್ದೆಲ್ಲಿಂದ?

ಪಟ್ಟಿಯ ಎರಡನೇ ಸಾಲು ನೋಡಿ. ಫೋನ್ ಕೊಂಡ ದಿನ ಅಂಗಡಿಯಲ್ಲಿ ಯಾರೋ ಸಿದ್ಧಪಡಿಸುವಾಗ, ಇಲ್ಲವೇ ಮನೆಯ ಮಕ್ಕಳು ಆಡುವಾಗ ಹಿಂದಿ ಪಟ್ಟಿಗೆ ಸೇರಿರಬಹುದು. ಕನ್ನಡ ಮೇಲಿದ್ದುದರಿಂದ ಇಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಈಗ ಕನ್ನಡವಿಲ್ಲದ ಒಂದು ಆ್ಯಪ್ ತೆಗೆದುಕೊಳ್ಳಿ. ಮೊದಲು ಅದರಲ್ಲಿ ಇಂಗ್ಲಿಷ್ ಮಾತ್ರ ಇತ್ತು, ಹಾಗಾಗಿ ಇಂಗ್ಲಿಷ್‌ನಲ್ಲಿ ಕಾಣುತ್ತಿತ್ತು. ಆ್ಯಪ್ ಮಾಡಿದವರು ಹೊಸ ಆವೃತ್ತಿಯಲ್ಲಿ ಹಿಂದಿ ಸೇರಿಸಿದರು, ಕನ್ನಡ ಸೇರಿಸಲಿಲ್ಲ. ಅದು ಅಪ್‌ಡೇಟ್ ಆದ ರಾತ್ರಿಯೇ ವ್ಯವಸ್ಥೆ ನಿಮ್ಮ ಪಟ್ಟಿ ನೋಡುತ್ತದೆ: ಕನ್ನಡ ಇಲ್ಲ, ಎರಡನೆಯದಾದ ಹಿಂದಿ ಇದೆ, ಸರಿ ಹಿಂದಿ. ಬೆಳಗ್ಗೆ ನೋಡಿದರೆ ಆ್ಯಪ್ ಹಿಂದಿ. ಸಿಸ್ಟಮ್ ಅಪ್‌ಡೇಟ್ ಆದ ದಿನಗಳಲ್ಲೇ ಆ್ಯಪ್‌ಗಳೂ ಸಾಲಾಗಿ ಅಪ್‌ಡೇಟ್ ಆಗುವುದರಿಂದ ಎಲ್ಲರೂ ದೂರುವುದು ಸಿಸ್ಟಮ್ಮನ್ನು.

ಪರಿಹಾರ ಸುಲಭ. ಕನ್ನಡ ಒಂದನೆಯದು, ಇಂಗ್ಲಿಷ್ ಎರಡನೆಯದು, ಬೇಡದ ಭಾಷೆ ಪಟ್ಟಿಯಿಂದ ಹೊರಗೆ. ತೆಗೆಯಲು ಮೇಲಿನ ಮೂರು ಚುಕ್ಕಿ ಒತ್ತಿ `Remove` ಆರಿಸಿ, ಆ ಭಾಷೆಗೆ ಗುರುತು ಹಾಕಿ, ಕಸದ ಬುಟ್ಟಿಯ ಚಿತ್ರ ಒತ್ತಿ. ಇಂಗ್ಲಿಷನ್ನು ಮಾತ್ರ ತೆಗೆಯಬೇಡಿ ಎಂಬುದು ನಮ್ಮ ಸಲಹೆ. ಕನ್ನಡವಿಲ್ಲದ ಆ್ಯಪ್‌ಗೆ ಎರಡನೆಯ ಭಾಷೆಯಾಗಿ ಏನೋ ಒಂದು ಬೇಕೇ ಬೇಕು, ಅದು ಯಾವುದೆಂದು ನೀವೇ ಹೇಳಿಟ್ಟಿರುವುದು ಲೇಸು.

ಗೂಗಲ್‌ನ ಪುಟಗಳು ಬ್ರೌಸರಿನಲ್ಲಿ ಮಾತ್ರ ಬೇರೆ ಭಾಷೆಯಲ್ಲಿ ಬಂದರೆ ಅದು ಫೋನಿನ ಪಟ್ಟಿಯ ವಿಷಯವಲ್ಲ. ಗೂಗಲ್ ಖಾತೆಗೆ ತನ್ನದೇ ಭಾಷಾಪಟ್ಟಿ ಇದೆ: `myaccount.google.com` ತೆರೆದು `Personal info` ಒಳಗೆ `Language` ನೋಡಿ. ನೀವು ಬಳಸುವುದನ್ನು ಗಮನಿಸಿ ಭಾಷೆಗಳನ್ನು ತಾನಾಗಿ ಸೇರಿಸುವ ಗುಂಡಿಯೂ ಅಲ್ಲಿದೆ. ಬೇಡವಾದರೆ ಆಫ್ ಮಾಡಿಬಿಡಿ.

## ಹಂತ 4: ಒಂದೇ ಆ್ಯಪ್ ಬೇರೆ ಭಾಷೆಯಲ್ಲಿದ್ದರೆ

2022ರ ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪ್‌ಗೂ ಬೇರೆ ಭಾಷೆ ಕೊಡುವ ಅವಕಾಶ ಬಂದಿದೆ. ಭಾಷೆಯ ಪರದೆಯಲ್ಲೇ `App languages` ಎಂಬ ಸಾಲು ಇರುತ್ತದೆ. ಅದನ್ನು ತೆರೆದು ಆ ಆ್ಯಪ್ ಮೇಲೆ ಒತ್ತಿ. ಅಲ್ಲಿ ಇಂಗ್ಲಿಷ್ ಗುರುತಾಗಿದ್ದರೆ ಫೋನಿನ ಪಟ್ಟಿಯನ್ನು ಎಷ್ಟು ಸಲ ಸರಿಪಡಿಸಿದರೂ ಈ ಆ್ಯಪ್ ಕೇಳುವುದಿಲ್ಲ. `System default` ಅಥವಾ ಕನ್ನಡ ಆರಿಸಿ. ಫೋನ್ 12ರಿಂದ 13ಕ್ಕೆ ಏರಿದಾಗ ಈ ತೊಡಕು ಹೆಚ್ಚು. ಅಲ್ಲಿಯವರೆಗೆ ಆ್ಯಪ್ ತನ್ನೊಳಗೇ ಇಟ್ಟುಕೊಂಡಿದ್ದ ಆಯ್ಕೆಯನ್ನು ಈ ಹೊಸ ವ್ಯವಸ್ಥೆಗೆ ದಾಟಿಸುವುದು ಆ್ಯಪ್ ಮಾಡಿದವರ ಕೆಲಸ. ಅವರು ದಾಟಿಸದೆ ಬಿಟ್ಟಿದ್ದರೆ ನೀವು ಹಿಂದೆ ಆರಿಸಿದ್ದ ಕನ್ನಡ ಅಲ್ಲೇ ಕಳೆದುಹೋಗಬಹುದು.

ಆ ಪಟ್ಟಿಯಲ್ಲಿ ಆ್ಯಪ್‌ನ ಹೆಸರೇ ಇಲ್ಲದಿದ್ದರೆ ಆ್ಯಪ್ ಒಳಗಿನ ಸೆಟ್ಟಿಂಗ್ ಅಥವಾ ಪ್ರೊಫೈಲ್ ಪುಟದಲ್ಲಿ ಭಾಷೆ ಹುಡುಕಿ. ಬ್ಯಾಂಕ್, ಹಣ ಪಾವತಿಯ ಆ್ಯಪ್‌ಗಳಲ್ಲಿ ಅದು ಇರುವುದು ಹೆಚ್ಚಾಗಿ ಅಲ್ಲೇ.

### ಪ್ರಶ್ನೆ: ಎರಡೂ ಕಡೆ ಕನ್ನಡವೇ ಇದೆ, ಆದರೂ ಆ್ಯಪ್ ಇಂಗ್ಲಿಷ್. ಏಕೆ?

ಆ ಆ್ಯಪ್‌ನ ಕನ್ನಡ ಪಠ್ಯ ಇನ್ನೂ ನಿಮ್ಮ ಫೋನಿಗೆ ಇಳಿದೇ ಇಲ್ಲದಿರಬಹುದು. ಪ್ಲೇ ಸ್ಟೋರ್ ಈಗ ಬಹಳಷ್ಟು ಆ್ಯಪ್‌ಗಳನ್ನು ತುಂಡು ತುಂಡಾಗಿ ಕಳಿಸುತ್ತದೆ. ಡೇಟಾ ಉಳಿಸಲು ನಿಮ್ಮ ಭಾಷಾಪಟ್ಟಿಯಲ್ಲಿರುವ ಭಾಷೆಗಳ ಪಠ್ಯವನ್ನಷ್ಟೇ ಜೊತೆಗೆ ಕೊಡುತ್ತದೆ. ಪಟ್ಟಿಗೆ ಕನ್ನಡ ಹೊಸದಾಗಿ ಸೇರಿದಾಗ ಅದರ ತುಂಡನ್ನು ಆಮೇಲೆ ಬೇರೆಯಾಗಿ ತರಿಸಿಕೊಳ್ಳಬೇಕು. ನೆಟ್‌ವರ್ಕ್ ಇಲ್ಲದಿದ್ದರೆ, ಅಥವಾ ಡೌನ್‌ಲೋಡ್ ವೈಫೈನಲ್ಲಿ ಮಾತ್ರ ಎಂದು ಕಟ್ಟಿಹಾಕಿದ್ದರೆ ಅದು ಬರುವುದಿಲ್ಲ. ಆ್ಯಪ್ ಇಂಗ್ಲಿಷ್‌ನಲ್ಲೇ ನಿಲ್ಲುತ್ತದೆ, ಏಕೆಂದು ಪರದೆಯಲ್ಲಿ ಎಲ್ಲೂ ಹೇಳುವುದಿಲ್ಲ.

ಪ್ಲೇ ಸ್ಟೋರ್ ತೆರೆದು ಬಲ ಮೂಲೆಯ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಆದ್ಯತೆ ನೋಡಿ. ಡೌನ್‌ಲೋಡ್ ಯಾವುದೇ ನೆಟ್‌ವರ್ಕಿನಲ್ಲಿ ಆಗಬಹುದು ಎಂದು ತಾತ್ಕಾಲಿಕವಾಗಿ ಬದಲಿಸಿ, ಅಥವಾ ವೈಫೈ ಇರುವಲ್ಲಿಗೆ ಹೋಗಿ. ಅಲ್ಲಿ ಅರ್ಧ ಗಂಟೆ ಚಾರ್ಜಿಗೆ ಹಾಕಿಡಿ. ಆ್ಯಪ್‌ಗೆ ಅಪ್‌ಡೇಟ್ ಬಾಕಿ ಇದ್ದರೆ ಅದನ್ನೂ ಮಾಡಿ, ಜೊತೆಗೇ ಕನ್ನಡ ಬರುತ್ತದೆ. ಆ್ಯಪ್ ತೆಗೆದು ಮತ್ತೆ ಹಾಕುವುದು ಕಟ್ಟಕಡೆಯ ದಾರಿ. ಹಾಗೆ ಮಾಡುವಾಗ ಚಾಟ್ ಆ್ಯಪ್ ಆದರೆ ಬ್ಯಾಕಪ್ ಆಗಿದೆಯೇ, ಬ್ಯಾಂಕ್ ಆ್ಯಪ್ ಆದರೆ ನೋಂದಾಯಿಸಿದ ಸಿಮ್ ಅದೇ ಫೋನಿನಲ್ಲಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಇನ್ಯಾರಿಂದಲೋ ಹಂಚಿಕೊಂಡು ಹಾಕಿಸಿಕೊಂಡ ಆ್ಯಪ್ ಆದರೆ ಈ ದಾರಿ ಕೆಲಸ ಮಾಡದಿರಬಹುದು. ಪ್ಲೇ ಸ್ಟೋರ್ ಮೂಲಕ ಬಂದದ್ದಕ್ಕೆ ಮಾತ್ರ ಅದು ಕನ್ನಡ ತುಂಡನ್ನು ಜೋಡಿಸುತ್ತದೆ.

## ಹಂತ 5: ಕೀಬೋರ್ಡ್

ಕೀಬೋರ್ಡ್ ಬೇರೆಯೇ ಒಂದು ಆ್ಯಪ್. ಫೋನ್ ಕನ್ನಡವಾದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ. ಅಪ್‌ಡೇಟ್ ನಂತರ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಬದಲು ತಯಾರಕರ ಕೀಬೋರ್ಡ್ ಮುಂದೆ ಬಂದಿದ್ದರೆ, ಅದರಲ್ಲಿ ಕನ್ನಡ ಹಾಕಿಲ್ಲವಾದ್ದರಿಂದ ಹೋಯಿತು ಎನಿಸುತ್ತದೆ. ಸ್ಯಾಮ್‌ಸಂಗ್‌ನಲ್ಲಿ `General management` ಒಳಗೆ `Keyboard list and default` ತೆರೆದು ಮೊದಲಿನ ಕೀಬೋರ್ಡ್ ಆರಿಸಿ. ಜಿಬೋರ್ಡ್ ಆದರೆ ಅದರ ಸೆಟ್ಟಿಂಗ್‌ನ `Languages` ಒಳಗೆ ಕನ್ನಡ ಇದೆಯೇ ನೋಡಿ. ಸೇರಿಸುವಾಗ ಕನ್ನಡ ಅಕ್ಷರಗಳ ಮಣೆ ಬೇಕೋ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಕನ್ನಡವಾಗುವುದು ಬೇಕೋ ಎಂದು ಕೇಳುತ್ತದೆ. ಹಿಂದೆ ಬಳಸುತ್ತಿದ್ದುದನ್ನೇ ಆರಿಸಿ, ಇಲ್ಲದಿದ್ದರೆ ಬೆರಳಿಗೆ ಗುರುತು ಸಿಗದು. ಟೈಪ್ ಮಾಡುವಾಗ ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದರೆ ಭಾಷೆ ಬದಲಿಸಬಹುದು.

## ಒಂದು ಫೋನಿನ ಉದಾಹರಣೆ

ಸಕಲೇಶಪುರದಿಂದ ಒಳಗಿರುವ ಒಂದು ತೋಟದ ಮನೆ ಎಂದುಕೊಳ್ಳಿ. ಫೋನ್ ತಾಯಿಯದು, ಮಗ ಇರುವುದು ಹಾಸನದಲ್ಲಿ. ಫೋನ್ ಆಂಡ್ರಾಯ್ಡ್ 13ರಿಂದ 14ಕ್ಕೆ ಏರಿದೆ. ಸೆಟ್ಟಿಂಗ್, ಕರೆಯ ಆ್ಯಪ್, ಬ್ಯಾಂಕ್ ಆ್ಯಪ್ ಮೂರೂ ಇಂಗ್ಲಿಷ್. ಗ್ಯಾಲರಿ, ಪಿನ್ ಎಲ್ಲ ಇದ್ದ ಹಾಗೇ ಇವೆ, ಅಂದರೆ ದತ್ತಾಂಶ ಅಳಿದಿಲ್ಲ. ಅನುಮಾನ ಪಟ್ಟಿಯ ಮೇಲೆ.

ಮನೆಯ ಲ್ಯಾಂಡ್‌ಲೈನಿನಿಂದಲೋ ಪಕ್ಕದವರ ಫೋನಿನಿಂದಲೋ ಕರೆ ಮಾಡಿಸಿಕೊಂಡರೆ ತಾಯಿಯ ಫೋನ್ ಕೈಯಲ್ಲಿ ಬಿಡುವಾಗಿರುತ್ತದೆ.

“ಅಮ್ಮ, ಹಲ್ಲು ಹಲ್ಲು ಇರೋ ಚಕ್ರ ಒತ್ತು. ಆಮೇಲೆ ತೀರಾ ಕೆಳಗೆ ಹೋಗು.”

“ಬಂದೆ ಕಣೋ. ಏನೇನೋ ಇಂಗ್ಲಿಷಲ್ಲಿ ಐತೆ.”

“ಎಸ್ಸಿಂದ ಶುರು ಆಗೋ ಹೆಸರು, ಸಿಸ್ಟಮ್ ಅಂತ. ಅದ್ನ ಒತ್ತಿದ್ರೆ ಗೆರೆ ಗೆರೆ ಗೋಳ ಕಾಣುತ್ತೆ, ಅದ್ರೊಳಗೆ ಹೋಗು. ಕನ್ನಡ ಅಂತ ಕನ್ನಡದಲ್ಲೇ ಬರ್ದಿದೆಯಾ?”

“ಐತೆ, ಮೂರನೇದು. ನಡುವೆ ಹಿಂದಿ ಐತೆ.”

ಈ ಒಂದು ಉತ್ತರದಲ್ಲಿ ಎಲ್ಲವೂ ಇದೆ. ಪಟ್ಟಿ ನಿಂತಿರುವುದು ಇಂಗ್ಲಿಷ್, ಹಿಂದಿ, ಕನ್ನಡ ಎಂಬ ಕ್ರಮದಲ್ಲಿ. ಕನ್ನಡವನ್ನು ಅಡ್ಡಗೆರೆ ಹಿಡಿದು ಮೇಲಕ್ಕೆ ಎಳೆದು, ಪೆಟ್ಟಿಗೆಯಲ್ಲಿ `Change` ಒತ್ತಿದ ಕೂಡಲೇ ಸೆಟ್ಟಿಂಗ್ ಕನ್ನಡವಾಗುತ್ತದೆ. ಕ್ರಮ ಈಗ ಕನ್ನಡ, ಇಂಗ್ಲಿಷ್, ಹಿಂದಿ. ಮೂರನೆಯದನ್ನು ಈಗಲೇ ತೆಗೆದುಬಿಡುವುದು ಒಳ್ಳೆಯದು. ಇಂಗ್ಲಿಷ್ ಮೇಲೇರಲು ಕಾರಣ ಅಪ್‌ಡೇಟ್ ನಂತರದ ಪರದೆಗಳಲ್ಲಿ ಯಾರೋ ಓದದೆ ಮುಂದೆ ಒತ್ತಿದ್ದಿರಬಹುದು.

ರೀಸ್ಟಾರ್ಟ್ ಆದ ಮೇಲೆ ಕರೆಯ ಆ್ಯಪ್ ಕನ್ನಡ. ಬ್ಯಾಂಕ್ ಆ್ಯಪ್ ಮಾತ್ರ ಇನ್ನೂ ಇಂಗ್ಲಿಷ್. `App languages` ನೋಡಿದರೆ ಸಿಸ್ಟಮ್ ಭಾಷೆ ಎಂದೇ ಇದೆ, ಆ್ಯಪ್ ಒಳಗೆ ಬೇರೆ ಆಯ್ಕೆ ಇಲ್ಲ. ಉಳಿದ ಅನುಮಾನ, ಕನ್ನಡದ ತುಂಡು ಬಂದಿಲ್ಲ ಎಂಬುದು. ತೋಟದಲ್ಲಿ ಒಂದೆರಡು ಕಡ್ಡಿ ಸಿಗ್ನಲ್, ಪ್ಲೇ ಸ್ಟೋರ್ ವೈಫೈ ಮಾತ್ರ ಎಂದಿದೆ. ಇಲ್ಲಿ ಆ್ಯಪ್ ತೆಗೆದರೆ ಮತ್ತೆ ಇಳಿಸಲೂ ಆಗದೆ, ಬ್ಯಾಂಕಿನ ಕೆಲಸವೇ ನಿಲ್ಲುತ್ತದೆ. ಸಕಲೇಶಪುರ ಪೇಟೆಗೆ ಬಂದಾಗ, ವೈಫೈ ಇರುವ ನೆಂಟರ ಮನೆಯಲ್ಲಿ ಆ್ಯಪ್ ಅಪ್‌ಡೇಟ್ ಮಾಡಿದರೆ ಕನ್ನಡ ಬರಬಹುದು. ಅದೇ ಫೋನಿನಲ್ಲಿರುವ, ಕನ್ನಡವೇ ಇಲ್ಲದ ಇನ್ನೊಂದು ಆ್ಯಪ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಅದು ಸರಿಯೇ. ಎರಡನೆಯ ಭಾಷೆ ಹಿಂದಿಯಾಗಿದ್ದು, ಆ್ಯಪ್‌ನಲ್ಲೂ ಹಿಂದಿ ಇದ್ದಿದ್ದರೆ ಅದು ಹಿಂದಿಯಲ್ಲಿ ಬರುತ್ತಿತ್ತು.

## ಹಂತ 6: ಕಂಪ್ಯೂಟರ್ ಜೋಡಿಸಿ ಪರೀಕ್ಷಿಸುವುದು

ಇದು ಎಲ್ಲರಿಗೂ ಬೇಡ. ಊರಿನ ಮೊಬೈಲ್ ಅಂಗಡಿಯವರಿಗೆ, ಎಡಿಬಿ ಬಳಸಬಲ್ಲವರಿಗೆ ಉಪಯೋಗ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಹಾಕಿ, ಈ ಮೂರು ಸಾಲು ಓಡಿಸಿ. ಇವು ಓದುತ್ತವೆ ಅಷ್ಟೇ, ಏನನ್ನೂ ಬದಲಿಸುವುದಿಲ್ಲ.

```
adb shell settings get system system_locales
adb shell getprop persist.sys.locale
adb shell getprop ro.product.locale
```

ಮೊದಲನೆಯದು ಪಟ್ಟಿಯನ್ನು ಕ್ರಮವಾಗಿ ಕೊಡುತ್ತದೆ. ಸರಿಯಿದ್ದರೆ `kn-IN,en-IN` ಎಂಬಂತೆ ಬರಬೇಕು. ಎರಡನೆಯದು ಫೋನ್ ಈಗ ನಿಜವಾಗಿ ಬಳಸುತ್ತಿರುವ ಭಾಷೆ. ಮೂರನೆಯದು ತಯಾರಕರು ಇಟ್ಟ ಮೂಲ ಭಾಷೆ, ಫೋನಿನಲ್ಲಿ ಯಾವ ಆಯ್ಕೆಯೂ ಇಲ್ಲದಿದ್ದಾಗ ಪರದೆ ತಿರುಗುವುದು ಇದಕ್ಕೆ. ಪಟ್ಟಿಯಲ್ಲಿ ಕನ್ನಡ ಮೊದಲಿದ್ದು, ಎರಡನೆಯ ಉತ್ತರ ಇಂಗ್ಲಿಷ್ ಎಂದು ಬಂದರೆ ಆ ವ್ಯವಸ್ಥೆಯಲ್ಲಿ ಕನ್ನಡ ಅನುವಾದವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಬೇರೆ ದೇಶಕ್ಕೆಂದು ಮಾಡಿದ ಸಾಫ್ಟ್‌ವೇರ್ ಹಾಕಿರುವ ಫೋನುಗಳಲ್ಲಿ ಹೀಗಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಲು ಮರೆಯಬೇಡಿ.

ಒಂದು ಆ್ಯಪ್‌ಗೆ ಬೇರೆ ಭಾಷೆ ಕೊಟ್ಟಿದೆಯೇ ಎಂದು ತಿಳಿಯಲು ಆಂಡ್ರಾಯ್ಡ್ 13 ಮತ್ತು ಅದರ ನಂತರದ ಫೋನಿನಲ್ಲಿ ಹೀಗೆ ಕೇಳಿ. ನಡುವಿನ ಹೆಸರಿನ ಜಾಗದಲ್ಲಿ ಆ ಆ್ಯಪ್‌ನ ಪ್ಯಾಕೇಜ್ ಹೆಸರು ಹಾಕಬೇಕು.

```
adb shell cmd locale get-app-locales com.whatsapp --user current
```

ಉತ್ತರದ ಚೌಕ ಆವರಣ ಖಾಲಿ ಬಂದರೆ ಆ ಆ್ಯಪ್ ಫೋನಿನ ಪಟ್ಟಿಯನ್ನೇ ಅನುಸರಿಸುತ್ತಿದೆ.

## ಎಚ್ಚರದ ಗುರುತುಗಳು

ಕನ್ನಡ ಮೇಲೆ ತಂದ ಮೇಲೂ ಪ್ರತಿ ರೀಸ್ಟಾರ್ಟ್‌ಗೂ ಇಂಗ್ಲಿಷ್‌ಗೆ ಮರಳಿದರೆ ಅದು ಭಾಷೆಯ ತೊಂದರೆಯಲ್ಲ. ವಾಲ್‌ಪೇಪರ್ ಬದಲಿಸಿ, ರೀಸ್ಟಾರ್ಟ್ ಮಾಡಿ ನೋಡಿ. ಅದೂ ಹಳೆಯದಕ್ಕೆ ತಿರುಗಿದರೆ ಫೋನ್ ಯಾವ ಸೆಟ್ಟಿಂಗನ್ನೂ ಉಳಿಸಿಕೊಳ್ಳುತ್ತಿಲ್ಲ. ಮೊದಲು ಜಾಗ ಖಾಲಿ ಮಾಡಿ ನೋಡಿ. ಹಾಗೂ ಸರಿಹೋಗದಿದ್ದರೆ ಫೋಟೊಗಳನ್ನು ಅಂದೇ ಬೇರೆ ಕಡೆ ನಕಲು ಮಾಡಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಸಂಗ್ರಹದ ಚಿಪ್ಪೇ ಕೆಡುತ್ತಿರಬಹುದು.

`Add a language` ಪಟ್ಟಿಯಲ್ಲಿ ಕನ್ನಡವೇ ಕಾಣದಿದ್ದರೆ ಕನ್ನಡ ಹಾಕಿಕೊಡುತ್ತೇವೆ ಎನ್ನುವ ಹೊರಗಿನ ಆ್ಯಪ್‌ಗಳನ್ನು ಹಾಕಬೇಡಿ. ಇಲ್ಲದ ಅನುವಾದವನ್ನು ಯಾವ ಆ್ಯಪ್ ಕೂಡ ತರಲಾರದು, ಕೇಳುವ ಅನುಮತಿಗಳು ಮಾತ್ರ ಅಪಾಯದವು. ಭಾರತಕ್ಕೆಂದು ಬಂದ ಅಧಿಕೃತ ಸಾಫ್ಟ್‌ವೇರ್ ಹಾಕಿಸುವುದೊಂದೇ ದಾರಿ, ಆಗ ದತ್ತಾಂಶ ಅಳಿಯುತ್ತದೆ ಎಂದು ತಿಳಿದೇ ಒಪ್ಪಿಕೊಳ್ಳಿ.

ಅಂಗಡಿಯಲ್ಲಿ ‘ರೀಸೆಟ್ ಹೊಡೆದರೆ ಸರಿಹೋಗುತ್ತದೆ’ ಎಂದರೆ, ಭಾಷೆಯ ಪಟ್ಟಿಯನ್ನು ತೆರೆದು ತೋರಿಸಿ ಎಂದು ಕೇಳಿ. ತೆರೆಯದೆ ರೀಸೆಟ್ ಎಂದವರ ಕೈಗೆ ಫೋನ್ ಕೊಡಬೇಡಿ.

## ಮುಂದಿನ ಅಪ್‌ಡೇಟ್‌ಗೆ ಮೊದಲು

ಭಾಷೆಯ ಪಟ್ಟಿ, `App languages`, ಕೀಬೋರ್ಡಿನ ಪಟ್ಟಿ, ಈ ಮೂರರ ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿಡಿ. ವೈಫೈ ಇರುವಲ್ಲೇ ಅಪ್‌ಡೇಟ್ ಒತ್ತಿ. ಮುಗಿದ ಮೇಲೆ ಬರುವ ಪರದೆಗಳಲ್ಲಿ ಭಾಷೆಯ ಹೆಸರು ಕಂಡರೆ ನಿಲ್ಲಿಸಿ, ‘ಕನ್ನಡ’ ಎಂದು ಬರೆದಿರುವುದನ್ನು ಆರಿಸಿಯೇ ಮುಂದೆ ಹೋಗಿ.